ಪದಚರ್ಚೆ: ಸೈಕೋಪತಿಗೆ ಕನ್ನಡದಲ್ಲಿ ಏನು? ಸೋಮವಾರ ಪ್ರೆಸ್ಸಿಗೆ ಹೋಗಬೇಕು

ವಿದ್ಯಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಾನೂನು ನೆರವಿನ ವಕೀಲರಿಗಾಗಿ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಗಲ್ಲು ಶಿಕ್ಷೆಯ ಕೇಸುಗಳಲ್ಲಿ ಬರುವ ಮಾನಸಿಕ ಪರೀಕ್ಷೆಯ ವರದಿಯನ್ನು ಹೇಗೆ ಓದಬೇಕು ಅನ್ನೋದು ವಿಷಯ. ಸೈಕೋಪತಿಗೆ ಸದ್ಯಕ್ಕೆ "ಮನೋವಿಕೃತಿ" ಅಂತ ಹಾಕಿದ್ದೇನೆ. ಸೈಕೋಪತಿಯನ್ನು ಅಳೆಯುವ ಹೇರ್ ಚೆಕ್‌ಲಿಸ್ಟ್ ಬಗ್ಗೆ ವಾಕ್ಯ ಹೀಗಿದೆ: "ಹೇರ್ ಚೆಕ್‌ಲಿಸ್ಟಿನಲ್ಲಿ 30 ಅಥವಾ ಹೆಚ್ಚು ಅಂಕ ಬಂದ ಮನೋವಿಕೃತರು ಮತ್ತೆ ಹಿಂಸೆಗೆ ಇಳಿಯುತ್ತಾರೆ." ಒಳ್ಳೆಯ ಪದ ಇದ್ದರೆ ತಿಳಿಸಿ.

ಶೇಷಗಿರಿ ಬರೆದದ್ದು:

ಮನೋವಿಕೃತಿ ಕನ್ನಡವಲ್ಲ. ಎರಡು ಸಂಸ್ಕೃತ ಪದಗಳನ್ನು ಅಂಟಿಸಿದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ. ಹೊಣೆಗೇಡಿ, ನಾಚಿಕೆಗೇಡಿ ಇದ್ದ ಹಾಗೆ "ಮರುಕಗೇಡಿ" ಅನ್ನಿ. ಗುಣಕ್ಕೆ "ಮರುಕಗೇಡಿತನ". ಮರುಗು, ಮರುಕ, ಕೇಡು, ಗೇಡಿ. ಓದಿದ ತಕ್ಷಣ ಹಳ್ಳಿಯವರಿಗೂ ತಿಳಿಯುತ್ತದೆ. ಮುಗಿಯಿತು.

ನಾಗರಾಜ ಬರೆದದ್ದು:

"ಮನೋರೋಗಿ" ಅನ್ನೋ ಪದ ಇರುವಾಗ ಇದೆಲ್ಲ ಯಾಕೆ? ವಕೀಲರಿಗೆ ಅದೇ ಬೇಕಾದದ್ದು. ಮನೋರೋಗಿ ಅಂತ ಸಾಬೀತಾದರೆ ಐಪಿಸಿ 84ರಲ್ಲಿ ಶಿಕ್ಷೆಯೇ ಇಲ್ಲ. ಈಗ ಬಿಎನ್‌ಎಸ್ 22.

ಸುಧಾ ಬರೆದದ್ದು:

ನಾಗರಾಜ್ ಅವರೇ, ಸೆಕ್ಷನ್ ಸರಿ, ಅದನ್ನು ಇಲ್ಲಿಗೆ ತಂದದ್ದು ತಪ್ಪು. ಬುದ್ಧಿ ಸ್ವಾಧೀನದಲ್ಲಿಲ್ಲದೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅಂತ ತಿಳಿಯದವನಿಗೆ ಆ ಸೆಕ್ಷನ್. ಸೈಕೋಪತಿ ಇರುವವನಿಗೆ ಎರಡೂ ಚೆನ್ನಾಗಿ ಗೊತ್ತಿರುತ್ತದೆ. ಅವನಿಗೆ ಭ್ರಮೆ ಇಲ್ಲ, ಕಿವಿಯಲ್ಲಿ ಯಾರ ದನಿಯೂ ಕೇಳುವುದಿಲ್ಲ. "ಮನೋರೋಗಿ" ಅಂತ ಹಾಕಿದರೆ ಜಡ್ಜು ಸ್ಕಿಜೋಫ್ರೇನಿಯಾ ಅಂದುಕೊಳ್ಳುತ್ತಾರೆ.

ಶೇಷಗಿರಿಯವರೇ, ಮರುಕಗೇಡಿ ಚೆನ್ನಾಗಿದೆ, ಆದರೆ ಅರ್ಧ ಪಟ್ಟಿಗೆ ಮಾತ್ರ ಹೊಂದುತ್ತದೆ. ಇಂಗ್ಲೆಂಡಿನಲ್ಲಿ ಕೈದಿಗಳ ಮೌಲ್ಯಮಾಪನ ಮಾಡುವಾಗ ಈ ಚೆಕ್‌ಲಿಸ್ಟ್ ಬಳಸಿದ್ದೇನೆ. ಕೆನಡಾದ ರಾಬರ್ಟ್ ಹೇರ್ ಮಾಡಿದ್ದು. ಈಗ ಬಳಕೆಯಲ್ಲಿರುವ ರೂಪ 1991ರದು, 2003ರಲ್ಲಿ ಎರಡನೇ ಆವೃತ್ತಿ ಬಂತು. 20 ಅಂಶಗಳಿವೆ, ಒಂದೊಂದಕ್ಕೂ 0, 1 ಅಥವಾ 2. ಕೈದಿ ತಾನೇ ತುಂಬುವ ಫಾರಂ ಅಲ್ಲ. ಅವನ ಜೊತೆ ಗಂಟೆಗಟ್ಟಲೆ ಮಾತಾಡಬೇಕು. ಪೊಲೀಸ್, ಜೈಲು, ಶಾಲೆ ಹೀಗೆ ಎಲ್ಲ ಕಡತ ಓದಬೇಕು. ಆಮೇಲೆ ಪರೀಕ್ಷಕರು ಅಂಕ ಹಾಕುತ್ತಾರೆ. ಕಡತವೇ ಇಲ್ಲದೆ ಬರೀ ಮಾತಿನ ಮೇಲೆ ಅಂಕ ಹಾಕಿದ ವರದಿ ಕಂಡರೆ ವಿದ್ಯಾ ಅವರ ವಕೀಲರು ಅಲ್ಲೇ ಹಿಡಿಯಬೇಕು. ಸಲೀಸಾಗಿ ಸುಳ್ಳು ಹೇಳುವವನ ಮಾತನ್ನು ತಾಳೆ ನೋಡುವುದು ಇನ್ಯಾವುದರಿಂದ?

ಸುಮಾರು ಅರ್ಧ ಅಂಶಗಳು ಸ್ವಭಾವದವು. ನಯವಂಚನೆ, ತಾನೇ ದೊಡ್ಡವನು ಅನ್ನುವ ಭಾವ, ಪಶ್ಚಾತ್ತಾಪ ಇಲ್ಲದಿರುವುದು, ಇಂಥವು. ಮರುಕಗೇಡಿ ಇಲ್ಲಿಗೆ ಸರಿ. ಉಳಿದರ್ಧ ಬಾಳಿನ ರೀತಿ. ಚಿಕ್ಕಂದಿನಿಂದ ಪುಂಡಾಟ, ಮುಂದಾಲೋಚನೆ ಇಲ್ಲದ ದುಡುಕು, ಬಿಡುಗಡೆಯ ಷರತ್ತು ಮುರಿದದ್ದು, ಥರಾವರಿ ಅಪರಾಧ. ಅದಕ್ಕೆ ಮರುಕದ ಪ್ರಶ್ನೆಯೇ ಬರುವುದಿಲ್ಲ.

ಗಿರೀಶ ಬರೆದದ್ದು:

ನಮ್ಮ ಹಳೇ ಮ್ಯಾನೇಜರ್ ಪಕ್ಕಾ ಇದೇ. ಸಿಹಿ ಮಾತು, ಬೆನ್ನಿಗೆ ಚೂರಿ. ಅವರಿಗೆ 40ಕ್ಕೆ 40. ಅಂದಹಾಗೆ ಸೈಕೋಪತಿ ಅಂದರೆ ಹೋಮಿಯೋಪತಿ ಥರ ಚಿಕಿತ್ಸೆ ಅಂತ ಓದುಗರು ತಿಳಿಯಲ್ವಾ?

ಶೇಷಗಿರಿ ಬರೆದದ್ದು:

ತಿಳಿಯುತ್ತಾರೆ. ಅದಕ್ಕೇ ಎರವಲು ಬೇಡ ಎಂದದ್ದು. ಗ್ರೀಕಿನ ಪಾಥೋಸ್ ಅಂದರೆ ಬೇನೆ. ಸೈಖೆ ಅಂದರೆ ಉಸಿರು, ಆಮೇಲೆ ಜೀವ, ಆಮೇಲೆ ಮನಸ್ಸು. ಇಲ್ಲಿ ಬೇನೆ ಯಾರಿಗೆ? ಅವನಿಗಲ್ಲ, ಅಕ್ಕಪಕ್ಕದವರಿಗೆ. ಮೂಲ ಪದವೇ ದಾರಿ ತಪ್ಪಿಸುವಾಗ ಅದನ್ನು ಹೊತ್ತು ತರುವುದೇಕೆ?

ಸುಧಾ ಬರೆದದ್ದು:

ಗಿರೀಶ್, ಮ್ಯಾನೇಜರ್ ಕೈಗೆ ಕೋಳ ಬಿದ್ದಿರದಿದ್ದರೆ 40 ಬರುವುದು ಕಷ್ಟ. ಅಪರಾಧದ ದಾಖಲೆಗೇ ಕೆಲವು ಅಂಶಗಳು ಮೀಸಲು.

ನಿಜವಾದ ತೊಂದರೆ ಇಲ್ಲೇ ಇದೆ. ಈ ಅಂಕಕ್ಕೂ ಮುಂದಿನ ಹಿಂಸೆಗೂ ಸಂಬಂಧ ಇದೆ, ಆದರೆ ಅದು ಬರೋದು ಮುಖ್ಯವಾಗಿ ಎರಡನೇ ಅರ್ಧದಿಂದ. ಹಿಂದೆ ಅಪರಾಧ ಮಾಡಿದವನು ಮುಂದೆಯೂ ಮಾಡಬಹುದು ಅನ್ನೋದಕ್ಕೆ ಹೇರ್ ಯಾಕೆ ಬೇಕು? ತಣ್ಣನೆಯ ಎದೆ ಅಂತ ನಾವು ಹೆದರುವ ಮೊದಲರ್ಧ ಹಿಂಸೆಯನ್ನು ಊಹಿಸುವುದರಲ್ಲಿ ಬಹಳ ದುರ್ಬಲ. ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿದೆ. ಅಪರಾಧವನ್ನು ಪಟ್ಟಿಯೊಳಗೇ ಸೇರಿಸಬೇಕಾ ಅಂತ 2010ರಲ್ಲಿ ಸ್ಕೀಮ್ ಮತ್ತು ಕುಕ್ ಅನ್ನೋ ಸಂಶೋಧಕರು ಒಂದು ಲೇಖನದಲ್ಲಿ ಕೇಳಿದರು. ಆ ಲೇಖನ ಅಚ್ಚಾಗುವ ಮೊದಲೇ ಹೇರ್ ಕಡೆಯಿಂದ ಮೊಕದ್ದಮೆಯ ಬೆದರಿಕೆ ಹೋಗಿತ್ತು. ಪದಕ್ಕಾಗಿ ನಾವು ಮಾತ್ರ ಜಗಳ ಆಡುವವರಲ್ಲ.

ವಿದ್ಯಾ, ನಿಮ್ಮ ವಾಕ್ಯದಲ್ಲಿ "ಇಳಿಯುತ್ತಾರೆ" ಅಂತ ಇದೆ. ಮೂಲದಲ್ಲಿ ಹಾಗೇ ಇದೆಯಾ?

ವಿದ್ಯಾ ಬರೆದದ್ದು:

ಮೂಲದಲ್ಲಿ "ಸಾಧ್ಯತೆ ಹೆಚ್ಚು". ವಾಕ್ಯ ಉದ್ದ ಆಯಿತು ಅಂತ ಮೊಟಕು ಮಾಡಿದೆ. ಅಷ್ಟು ವ್ಯತ್ಯಾಸ ಆಗುತ್ತಾ?

ಸುಧಾ ಬರೆದದ್ದು:

ಆಗುತ್ತೆ. ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ನನ್ನವು, ಉದಾಹರಣೆಗೆ ಮಾತ್ರ.

100 ಜನ ಬಿಡುಗಡೆ ಆದರು. ಅವರಲ್ಲಿ 20 ಜನ ಮುಂದೆ ಹಿಂಸೆ ಮಾಡುವವರು ಅಂತಿಟ್ಟುಕೊಳ್ಳಿ. ನಮ್ಮ ಪರೀಕ್ಷೆ ಆ 20ರಲ್ಲಿ 12 ಜನರನ್ನು ಸರಿಯಾಗಿ ಗುರುತಿಸುತ್ತದೆ. ಉಳಿದ 80 ಜನರಲ್ಲಿ 56 ಜನರನ್ನು ಸರಿಯಾಗಿಯೇ ಬಿಟ್ಟುಬಿಡುತ್ತದೆ, 24 ಜನರಿಗೆ ಸುಮ್ನೆ "ಅಪಾಯಕಾರಿ" ಅಂತ ಚೀಟಿ ಅಂಟಿಸುತ್ತದೆ. ಈ ಕ್ಷೇತ್ರದಲ್ಲಿ ಇದು ಕಳಪೆ ಪರೀಕ್ಷೆ ಏನಲ್ಲ. ಆದರೂ ಚೀಟಿ ಬಿದ್ದ 36 ಜನರಲ್ಲಿ 24 ಜನ ಏನೂ ಮಾಡುವುದಿಲ್ಲ. ಹಿಂಸೆ ಅಪರೂಪ ಆದಷ್ಟೂ ತಪ್ಪು ಚೀಟಿ ಜಾಸ್ತಿ. ಕೋರ್ಟು ಗಲ್ಲು ಬೇಡ ಅಂದರೆ ಆರೋಪಿ ಇರುವುದು ಜೈಲಿನೊಳಗೆ, ಅಲ್ಲಿ ಗಂಭೀರ ಹಿಂಸೆ ಇನ್ನೂ ಅಪರೂಪ. ಅದಕ್ಕೇ 2020ರಲ್ಲಿ 13 ತಜ್ಞರು ಒಟ್ಟಾಗಿ ಹೇಳಿಕೆ ಕೊಟ್ಟರು: ಅಮೆರಿಕದ ಗಲ್ಲು ಶಿಕ್ಷೆಯ ವಿಚಾರಣೆಯಲ್ಲಿ, ಒಬ್ಬ ವ್ಯಕ್ತಿ ಜೈಲಿನಲ್ಲಿ ಗಂಭೀರ ಹಿಂಸೆ ಮಾಡುತ್ತಾನೆ ಅಂತ ಹೇಳಲು ಈ ಚೆಕ್‌ಲಿಸ್ಟ್ ಬಳಸಬಾರದು.

ಇನ್ನು 30 ಅನ್ನೋ ಗೆರೆ. ಅಮೆರಿಕದಲ್ಲಿ 30, ಬ್ರಿಟನ್ನಿನಲ್ಲಿ ಹೆಚ್ಚಾಗಿ 25. ವಿಮಾನ ಹತ್ತಿದರೆ ಮನುಷ್ಯ ಬದಲಾಗುವುದಿಲ್ಲ. ಅಳತೆಯಲ್ಲೇ ಮೂರು ಅಂಕದಷ್ಟು ಆಚೀಚೆ ಇರುತ್ತದೆ, ಹಾಗಾಗಿ 28ಕ್ಕೂ 31ಕ್ಕೂ ಭೇದ ಎಣಿಸಬಾರದು. 2013ರಲ್ಲಿ ಮರೀ ಅನ್ನೋ ಸಂಶೋಧಕರು ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ನೂರಕ್ಕೂ ಹೆಚ್ಚು ತಜ್ಞರಿಗೆ ಸಂಬಳ ಕೊಟ್ಟು, ಒಂದೇ ಕಡತಗಳನ್ನು ಕೊಟ್ಟರು. ಅರ್ಧ ಜನರಿಗೆ ನೀವು ಸರ್ಕಾರದ ಕಡೆ ಅಂದರು, ಅರ್ಧ ಜನರಿಗೆ ಆರೋಪಿಯ ಕಡೆ ಅಂದರು. ಸರ್ಕಾರದ ಕಡೆಯವರು ಜಾಸ್ತಿ ಅಂಕ ಹಾಕಿದರು.

ನಾಗರಾಜ ಬರೆದದ್ದು:

ಸರಿ, ಆದರೆ ಇದೆಲ್ಲ ಅಮೆರಿಕದ ಕಥೆ. ನಮ್ಮ ಕೋರ್ಟಿಗೆ ಏನು?

ವಿದ್ಯಾ ಬರೆದದ್ದು:

ನಮ್ಮಲ್ಲೂ ಇದೆ ನಾಗರಾಜ್ ಸಾರ್. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನಲ್ಲಿ, ಆರೋಪಿ ಸಮಾಜಕ್ಕೆ ನಿರಂತರ ಅಪಾಯವಾಗುವಂಥ ಹಿಂಸೆ ಮಾಡದಿರುವ ಸಂಭವವನ್ನೂ ಪರಿಗಣಿಸಬೇಕು ಅಂತ ಇದೆ. ಟೆಕ್ಸಾಸಿನ ಕಾನೂನಿನಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ. 2022ರ ಮನೋಜ್ ತೀರ್ಪಿನ ಮೇಲೆ ಸರ್ಕಾರವೂ ಮಾನಸಿಕ ಪರೀಕ್ಷೆಯ ವರದಿ ಕೊಡಬೇಕು. ಕೈಪಿಡಿ ಹುಟ್ಟಿದ್ದೇ ಅದಕ್ಕೆ.

ಸುಧಾ ಬರೆದದ್ದು:

ಹಾಗಾದರೆ "ಸೈಕೋಪತಿ ಇರುವವರು" ಅನ್ನಿ, "ಮನೋವಿಕೃತರು" ಬೇಡ. ಪತ್ರಿಕೆಗಳು ಎಲ್ಲರಿಗೂ "ಸೈಕೋ" ಅಂಟಿಸಿರುವಾಗ ಜಡ್ಜಿನ ಮುಂದೆ ವಿಕೃತ ಅಂದರೆ ಅರ್ಧ ತೀರ್ಪು ಕೊಟ್ಟ ಹಾಗೆ.

ಶೇಷಗಿರಿ ಬರೆದದ್ದು:

ಒಂದು ಪದ ಎರವಲು ತಂದು "ಇರುವವರು" ಅಂತ ಬಾಲ ಕಟ್ಟಿದರೆ ಅದು ಅನುವಾದವಲ್ಲ, ಲಿಪ್ಯಂತರ. ಮುಂದೆ ನಮ್ಮ ಎಲ್ಲ ಪದಕೋಶಗಳೂ ಹೀಗೇ ಆಗುತ್ತವೆ.

ಗಿರೀಶ ಬರೆದದ್ದು:

"ಲಿಪ್ಯಂತರ" ಸಂಸ್ಕೃತ ಅಲ್ವಾ ಸಾರ್?

ಶೇಷಗಿರಿ ಬರೆದದ್ದು:

ಪೋಲಿ ಪ್ರಶ್ನೆಗೆ ಉತ್ತರ ಇಲ್ಲ.

ವಿದ್ಯಾ ಬರೆದದ್ದು:

ಸದ್ಯಕ್ಕೆ ಹೀಗೆ ಕಳಿಸುತ್ತಿದ್ದೇನೆ: "ಹೇರ್ ಚೆಕ್‌ಲಿಸ್ಟಿನಲ್ಲಿ ಹೆಚ್ಚು ಅಂಕ ಬಂದವರ ಗುಂಪಿನಲ್ಲಿ ಹಿಂಸೆ ಮರುಕಳಿಸುವ ಸಾಧ್ಯತೆ ಹೆಚ್ಚು, ನಿಮ್ಮ ಕಕ್ಷಿದಾರ ಹಿಂಸೆ ಮಾಡುತ್ತಾನೋ ಇಲ್ಲವೋ ಅಂತ ಈ ಅಂಕ ಹೇಳುವುದಿಲ್ಲ." ಮರುಕಗೇಡಿತನವನ್ನು ಪದಪಟ್ಟಿಯಲ್ಲಿ ಮೊದಲರ್ಧದ ಎದುರಿಗೆ ಹಾಕಿದ್ದೇನೆ. "ಚೆಕ್‌ಲಿಸ್ಟ್"ಗೆ "ತಾಳೆಪಟ್ಟಿ" ನಡೆಯುತ್ತಾ? ನಾಳೆ ಮಧ್ಯಾಹ್ನದೊಳಗೆ ಹೇಳಿ.