ನೂರರ ಲೆಕ್ಕದಾಗ ತಂದ ಎಳನೀರು: ಕೆಟ್ಟವು ಹೋಗಿ, ಆಟೋ ಬಾಡಿಗಿ ಹೋಗಿ ಕೈಗೆ ಎಷ್ಟು ಉಳಿತದ?

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ಅಣ್ಣಾರ ನಮಸ್ಕಾರ, ತಳ್ಳೋ ಬಂಡಿಮ್ಯಾಲ ಎಳನೀರು ಮಾರ್ತೀನ್ರಿ. ಲಾರಿ ಇಳಿಸೋ ಗೋಡೌನಿಂದ ದಿನಾ ಮುಂಜಾನಿ ನೂರು ಕಾಯಿ ತರ್ತೀನಿ, ನೂರಕ್ಕ 3,200 ರೂಪಾಯಿ, ಆಟೋಕ್ಕ 350. ಮಾರೋದು 45ಕ್ಕ ಒಂದು. ಒಂದಕ್ಕ 13 ಉಳಿದ್ರ ನೂರಕ್ಕ 1,300, ಅದ್ರಾಗ ಆಟೋ ತೆಗದ್ರ 950 ಬರಬೇಕಲ್ರಿ, ಖರೇ ರಾತ್ರಿ ಎಣಿಸಿದ್ರ 400ರ ಆಸುಪಾಸು ಇರ್ತದ. ಎಲ್ಲಿ ಹೋಗ್ತದ ರೊಕ್ಕ? ಗೆಳೆಯ ಒಬ್ಬ ದಿನ ಬಿಟ್ಟು ದಿನ 200 ತಾ, ಬಾಡಿಗಿ ಉಳಿತದ ಅಂತಾನ. ಹಂಗ ಮಾಡ್ಲೇನು?

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಮೊದ್ಲ ಒಂದು ಕೇಳ್ತೀನಿ ತಮ್ಮಾ. ನೂರರಾಗ ಪೂರಾ 45ಕ್ಕ ಹೋಗೋವು ಎಷ್ಟು, ಎಸೆಯೋವು ಎಷ್ಟು, ಬಲಿತಾವ ಅಂತ ಕಮ್ಮಿಗೆ ಕೊಡೋವು ಎಷ್ಟು? ಮತ್ತ ಆಟೋ ಬಿಟ್ಟು ಬ್ಯಾರೆ ಏನೇನು ಖರ್ಚು? ಅಂದಾಜು ಬ್ಯಾಡ, ನಿನ್ನೆ ಮೊನ್ನೆದು ನೆನಪಿದ್ದಷ್ಟು ಹೇಳು.

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ಎಸೆಯೋವು ಆರು ಅಂತ ಹಿಡೀರಿ. ಎರಡು ಇಳಿಸೋವಾಗ ಸೀಳಿರ್ತಾವ, ಉಳಿದವು ಕೆತ್ತಿದ ಮ್ಯಾಲ ಹುಳಿ ವಾಸನಿ ಬರ್ತಾವ, ಗಿರಾಕಿಗೆ ಇನ್ನೊಂದು ಕೆತ್ತಿ ಕೊಡಬೇಕು. ಒಂದು ಎಂಟು ಬಲಿತಿರ್ತಾವ, ನೀರು ಕಮ್ಮಿ ಅಂತ 30ಕ್ಕ ಕೊಡ್ತೀನಿ. ಹಮಾಲಿ 60, ಪೇಪರ್ ಸ್ಟ್ರಾ 60, ಬಂಡಿ ಜಾಗಕ್ಕ 30.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಇಷ್ಟು ಸಾಕು, ರೊಕ್ಕ ಎಲ್ಲೂ ಕಳುವಾಗಿಲ್ಲ. 86 ಕಾಯಿ 45ರಂಗ 3,870, ಎಂಟು ಕಾಯಿ 30ರಂಗ 240, ಒಟ್ಟು ಬಂದದ್ದು 4,110. ಹೋಗಿದ್ದು ಕಾಯಿಗೆ 3,200, ಆಟೋ 350, ಹಮಾಲಿ ಸ್ಟ್ರಾ ಜಾಗ ಸೇರಿ 150, ಅಲ್ಲಿಗೆ 3,700. ಉಳಿದದ್ದು 410. ನೀ ಕಣ್ಣಾಗ ಕಂಡಿದ್ದ 950ಕ್ಕೂ ಇದಕ್ಕೂ 540 ಫರಕ್ ಅದ, ಅದ್ರಾಗ 270 ಆ ಎಸೆದ ಆರು ಕಾಯಿದು, 120 ಬಲಿತವಕ್ಕ ಬಿಟ್ಟ ರೇಟಿಂದು, 150 ಚಿಲ್ಲರ ಖರ್ಚಿಂದು. ಆಟೋ ಬಾಡಿಗಿ ಒಂದೇ ಗಂಟು, ಅದಕ್ಕ ಎದ್ದು ಕಾಣ್ತದ. ಕೆಟ್ಟ ಕಾಯಿ ಒಂದೊಂದೇ ಹೋಗ್ತಾವ, ಅದಕ್ಕ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ.

ಇನ್ನೊಂದು, ನಿನ್ನ ಕೂಲಿ ಇದ್ರಾಗೇ ಬಂತು. ಮುಂಜಾನಿಯಿಂದ ಸಂಜಿತನಕ ಮಚ್ಚು ಹಿಡಿದು ನಿಂತಿದ್ದಕ್ಕ ಸಿಕ್ಕ ಪಗಾರ 410, ಲಾಭ ಅನ್ನೋದು ಅದರಾಚಿ ಉಳಿದ್ರ ಮಾತ್ರ.

ಗಂಗಾವತಿ ಕಿರಾಣಿ:
ಇದಕ್ಕ ಇಷ್ಟೆಲ್ಲಾ ಯಾಕ್ರಿ, ಖರ್ಚೆಲ್ಲಾ ಸೇರಿ ಒಂದಕ್ಕ 37 ಬಿತ್ತು, ನೂರಕ್ಕ ಆರು ಕೆಟ್ರ ಆರು ಪರ್ಸೆಂಟ್ ಕೂಡ್ಸು, 39 ಚಿಲ್ಲರ ಆಯ್ತು. ಅದರ ಮ್ಯಾಲ ಎಷ್ಟಕ್ಕ ಮಾರಿದ್ರೂ ಲಾಭ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಆರು ಕೆಟ್ಟಾಗ ನಿಮ್ಮ ಲೆಕ್ಕ ಹತ್ರ ಹತ್ರ ಬರ್ತದ ಅಣ್ಣಾ, ಆದ್ರ ದಾರಿ ಸರಿ ಇಲ್ಲ. ಒಟ್ಟು 3,700ನ್ನ ಉಳಿದ 94 ಕಾಯಿಗೆ ಭಾಗಿಸಬೇಕು. ಏಪ್ರಿಲ್ ಮೇದಾಗ ನಮ್ಮ ಕಡೆ ಬಿಸಿಲು 40 ದಾಟಿದಾಗ ನೂರಕ್ಕ 20 ಹೋದ್ವು ಅಂತ ಇಟ್ಕೊಳ್ರಿ. ನಿಮ್ಮ ಹಂಗ 37ಕ್ಕ ಇಪ್ಪತ್ತು ಪರ್ಸೆಂಟ್ ಕೂಡಿಸಿದ್ರ 44.40, 45ಕ್ಕ ಮಾರಿದ್ರ 60 ಪೈಸಾ ಉಳಿತು ಅನ್ನಿಸ್ತದ. ಖರೇ ಅಂದ್ರ 3,700ನ್ನ 80ಕ್ಕ ಭಾಗಿಸಿದ್ರ 46.25. ಒಂದೊಂದು ಕಾಯಿಗೆ ಸವ್ವಾ ರೂಪಾಯಿ ಕೈಯಿಂದ ಹಾಕಿ ಮಾರಿದಂಗ ಆಯ್ತು.

ಆನೆಗೊಂದಿ ತೋಟ:
ನಮ್ಮ ತೋಟದಾಗ ತೆಂಗಿನ ಗಿಡ ಅದಾವ್ರಿ, ಅಂಜನಾದ್ರಿ ಬೆಟ್ಟದ ಕೆಳಗ ಶನಿವಾರ ನಾವೇ ಬಂಡಿ ಹಚ್ತೀವಿ, ಬೆಟ್ಟ ಹತ್ತಿ ಇಳಿದವ್ರು ರೇಟು ಕೇಳದ ಕುಡೀತಾರ. ನಮಗ ಬಾಡಿಗಿನೂ ಇಲ್ಲ, ಕಾಯಿಗೆ ರೊಕ್ಕನೂ ಇಲ್ಲ, ಬಂದಿದ್ದೆಲ್ಲಾ ಲಾಭ ಐತಿ. ನೀವೂ ತೋಟದವ್ರ ಹತ್ರನ ಸೀದಾ ತಗೋರಿ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಅಕ್ಕಾರ, ನಿಮ್ಮ ಕಾಯಿ ಪುಕ್ಕಟೆ ಅಲ್ರಿ. ಅದೇ ಕಾಯಿನ ಗಿಡದ ಮ್ಯಾಲೇ ವ್ಯಾಪಾರಿಗೆ ಕೊಟ್ಟಿದ್ರ ಎಷ್ಟು ಬರ್ತಿತ್ತೋ ಅದು ನಿಮ್ಮ ಖರೀದಿ ರೇಟು, ಮತ್ತ ಗಿಡ ಹತ್ತೋನ ಕೂಲಿ ಬ್ಯಾರೆ. ಆದ್ರ ಒಂದು ಮಾತು ಖರೇ, ನಿಮ್ಮದು ಕೊಯ್ದ ದಿನದ ಕಾಯಿ, ಕೆಡೋದು ಭಾಳ ಕಮ್ಮಿ. ಈ ಹುಡುಗಗ ಬರೋದು ಮದ್ದೂರು ಕಡಿಂದ ಲಾರ್‍ಯಾಗ, ಕೊಯ್ದು, ಕೂಡಿ ಹಾಕಿ, ತುಂಬಿ, ಇಲ್ಲಿಗೆ ಬರೋದ್ರಾಗ ಎರಡು ಮೂರು ದಿನ ಆಗೇ ಬಿಟ್ಟಿರ್ತಾವ.

ಈಗ ಆ 200ರ ಮಾತಿಗೆ ಬರ್ತೀನಿ ತಮ್ಮಾ. ಎರಡು ನೂರು ಒಂದೇ ಸಲ ತಂದ್ರ ಆಟೋದವ ಎಷ್ಟು ತಗೋತಾನ?

ಸ್ಟೇಷನ್ ರೋಡ್ ಬಂಡಿ, ರಾಯಚೂರು:
450 ಅಂತಾನ್ರಿ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಹಂಗಾದ್ರ ಎರಡು ದಿನಕ್ಕ 700 ಕೊಡೋ ಜಾಗದಾಗ 450, ಉಳಿದದ್ದು 250. ಈ 250ನ್ನ 45ಕ್ಕ ಭಾಗಿಸು, ಐದೂವರಿ ಕಾಯಿ. ಅಂದ್ರ ಎರಡನೇ ದಿನಕ್ಕ ಇಟ್ಟ ನೂರರಾಗ ಈಗಿನಕಿಂತ ಆರು ಕಾಯಿ ಹೆಚ್ಚಿಗಿ ಕೆಟ್ರ ಬಾಡಿಗಿ ಉಳಿಸಿದ್ದು ಅಲ್ಲಿಗೇ ಮುಗೀತು. ಬಿಸಿಲಾಗ ತಾಡಪತ್ರಿ ಮುಚ್ಚಿ ಇಟ್ಟಿದ್ದು ಎರಡನೇ ದಿನ 11 ಕೆಟ್ಟು 12 ಕಮ್ಮಿ ರೇಟಿಗೆ ಹೋದ್ವು ಅಂತ ಹಿಡಿ, ಆ ದಿನದ ಮಾರಾಟ 4,110ರ ಬದ್ಲಿ 3,825 ಆಗ್ತದ, ಇಳಿದದ್ದು 285. 250 ಉಳಿಸಾಕ ಹೋಗಿ 285 ಕಳಕೊಂಡಿ, ಮ್ಯಾಲ 3,200 ರೂಪಾಯಿ ಒಂದು ದಿನ ಹೆಚ್ಚಿಗಿ ಸಿಕ್ಕಿ ಬಿತ್ತು.

ತಣ್ಣಗ ನೆರಳಿದ್ದು ಗಾಳಿ ಆಡೋ ಖೋಲಿ ಇದ್ರ ಲೆಕ್ಕ ತಿರುಗ್ತದ. ಅಲ್ಲಿ ಎಂಟು ಕೆಟ್ಟು ಒಂಬತ್ತು ಕಮ್ಮಿಗೆ ಹೋದ್ರ ಮಾರಾಟ 4,005, ಇಳಿದದ್ದು ಬರೇ 105, ಆವಾಗ ಎರಡು ದಿನಕ್ಕ 145 ಮಿಗ್ತದ. ಅದಕ್ಕ ನಿನ್ನ ಗೆಳೆಯ ಹೇಳಿದ್ದು ಅವನ ಜಾಗಕ್ಕ ಸರಿ ಇರಬೌದು, ನಿನಗ ಕಾಯಿ ಇಡಾಕ ಎಂಥಾ ಜಾಗ ಅದ ಅನ್ನೋದರ ಮ್ಯಾಲ ಎಲ್ಲಾ ನಿಂತದ.

ಇನ್ನ ಈ 45ಕ್ಕ ಭಾಗಿಸೋದು ಮಧ್ಯಾಹ್ನಕ್ಕೇ ಕಾಯಿ ಖಾಲಿ ಆಗೋ ದಿನದ ಲೆಕ್ಕ, ಯಾಕಂದ್ರ ಆವತ್ತು ಕೆಟ್ಟ ಒಂದು ಕಾಯಿ ಅಂದ್ರ ತಪ್ಪಿ ಹೋದ ಒಂದು ಗಿರಾಕಿ. ಮೋಡ ಮುಚ್ಚಿ ಸಂಜಿಗೆ ಹೆಂಗೂ ಇಪ್ಪತ್ತು ಉಳಿಯೋ ದಿನ ಕೆಟ್ಟ ಕಾಯಿ ಖರೀದಿ ರೇಟಿನಷ್ಟೇ ಲುಕ್ಸಾನು, 32.

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ಖೋಲಿ ಎಲ್ಲಿದ್ರಿ, ಬಂಡಿ ಕೆಳಗೇ ಇಡೋದು. ನಂದು ನಾಕು ಗಂಟಿಗೆಲ್ಲಾ ಖಾಲಿ ಆಗ್ತದ ಬೇಸಿಗ್ಯಾಗ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಹಂಗಾದ್ರ 200 ಬ್ಯಾಡ. ಅದರ ಬದ್ಲಿ ನಿನ್ನಂಗೇ ನೂರು ತರೋ ಇನ್ನೊಂದು ಬಂಡಿಯವನ್ನ ಹಿಡಿ, ಇಬ್ರೂ ಕೂಡಿ ಒಂದೇ ಆಟೋದಾಗ ದಿನಾ 200 ತರ್ರಿ. 450ರಾಗ ನಿನ್ನ ಪಾಲು 225, ದಿನಕ್ಕ 125 ಉಳಿತು, ಕಾಯಿ ಮಾತ್ರ ತಾಜಾನೇ. 410 ಇದ್ದದ್ದು 535 ಆಗ್ತದ.

ಎಳನೀರು ಕಾಕಾ, ಬಳ್ಳಾರಿ:
ಲೆಕ್ಕ ಬರೆಯೋರು ಕೆಟ್ಟ ಮ್ಯಾಲ ಎಣಿಸ್ತಾರ, ನಾ ಗೋಡೌನ್‍ದಾಗೇ ಕೆಡೋದನ್ನ ಬಿಟ್ಟು ಬರ್ತೀನಿ ನೋಡಪ. ರಾಶಿ ಮುಂದ ನಿಂತು ಅವ ಎಣಿಸಿ ಹಾಕಿದ್ದು ತರಬ್ಯಾಡ. ತೊಟ್ಟಿನ ಟೋಪಿ ಗಟ್ಟಿ ಕಚ್ಚಿಕೊಂಡಿರಬೇಕು, ಅದು ಉದುರಿದ್ದು ಇಲ್ಲಾ ಸುತ್ತ ಕಪ್ಪಾಗಿದ್ದು ಲಗೂನ ಹುಳಿ ಬರ್ತೈತಿ. ಕಿವಿ ಹತ್ರ ಹಿಡಿದು ಅಲ್ಲಾಡ್ಸು, ಎಳಿ ಕಾಯಿ ತುಂಬಿರ್ತೈತಿ, ಸಪ್ಪಳ ಬರಂಗಿಲ್ಲ. ಗುಳುಗುಳು ಅಂದ್ರ ಬಲಿತು ನೀರು ಇಳಿದೈತಿ ಇಲ್ಲಾ ಎಲ್ಲೋ ಸೋರೈತಿ. ಕೆಳಗಿನ ಸಾಲಿನ ಕಾಯಿ ತಳ ಹಸಿ ಹಸಿ ಇದ್ರ ಮ್ಯಾಲಿಂದು ಯಾವುದೋ ಸೀಳೈತಿ ಅಂತ ತಿಳ್ಕೊ. ಗೊನಿ ಹಗ್ಗ ಕಟ್ಟಿ ಇಳಿಸದ ಮ್ಯಾಲಿಂದ ಕೆಡವಿದ ಮಾಲಾದ್ರ ಹೊರಗ ಏನೂ ಕಾಣಂಗಿಲ್ಲ, ಒಳಗ ಕೂದಲಿನಷ್ಟು ಸೀಳು ಬಿದ್ದಿರ್ತೈತಿ, ಅದನ್ನ ಯಾವ ಕಾಕಾನೂ ಹಿಡಿಯಾಕ ಆಗಂಗಿಲ್ಲ.

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ಆರಿಸಾಕ ಬಿಡಂಗಿಲ್ಲ ಕಾಕಾ, ಆರಿಸಿದ್ರ ನೂರಕ್ಕ 3,400 ಅಂತಾನ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಆ 200ಕ್ಕೂ ಅದೇ ಲೆಕ್ಕ ಹಾಕು. ಆರಿಸಿ ತಂದ್ರ ಎಸೆಯೋವು ಆರರಿಂದ ಎರಡಕ್ಕ ಇಳಿದು ನಾಕು ಕಾಯಿ ಉಳಿದ್ರ 180. ಬಲಿತವು ಎಂಟರಿಂದ ಮೂರಕ್ಕ ಬಂದ್ರ ಐದಕ್ಕ 15ರಂಗ 75. ಕೂಡಿ 255, ಕೊಟ್ಟದ್ದು 200. ಕಾಕಾನ ಕೈ ಇದ್ರ ಆರಿಸು, ಹೊಸ ಕೈ ಆದ್ರ 3,200ರದ್ದೇ ತಂದು ನೂರಕ್ಕ ಎರಡು ಮೂರು ಕಾಯಿ ಮ್ಯಾಲ ಕೇಳು. ಮೂರು ಹೆಚ್ಚಿಗಿ ಸಿಕ್ಕು ಮೂರೂ ಪೂರಾ ರೇಟಿಗೆ ಮಾರಿದ್ರ ದಿನಕ್ಕ 135 ಬಂದಂಗ.

ಗಂಗಾವತಿ ಕಿರಾಣಿ:
ನೇರ 50 ಮಾಡಿ ಬಿಡಪ, ಎಲ್ಲಾ ಸರಿ ಹೋಗ್ತೈತಿ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಇದು ಮಾತ್ರ ನೀವು ಸರಿ ಹಿಡಿದ್ರಿ. 86 ಕಾಯಿನೂ 50ಕ್ಕ ಹೋದ್ರ 410ರ ಬದ್ಲಿ 840. ಗಿರಾಕಿ ಒಡೆದು 86ರ ಜಾಗದಾಗ 78 ಅಷ್ಟೇ ಹೋದ್ರೂ 440 ಬರ್ತದ, ಮ್ಯಾಲ ಎಂಟು ಕಾಯಿ ಉಳಿದಿರ್ತಾವ. ಒಂಬತ್ತು ಗಿರಾಕಿ ಹೋದಾಗ ಮಾತ್ರ ಈಗಿನಕಿಂತ ಕಮ್ಮಿ. ಆದ್ರ ಪಕ್ಕದ ಬಂಡಿಯವ 45ಕ್ಕೇ ನಿಂತ್ರ ಒಂಬತ್ತಕ್ಕ ನಿಲ್ತದೋ ಮೂವತ್ತಕ್ಕ ಹೋಗ್ತದೋ, ಅದು ಆ ರೋಡಿನಾಗ ನಿಂತವ್ರಿಗೇ ಗೊತ್ತು.

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ಪಕ್ಕದಾಗ ಎರಡು ಬಂಡಿ ಅದಾವ್ರಿ, ಅವರನ್ನ ಕೇಳಿ ನೋಡ್ತೀನಿ, ಆಟೋ ಪಾಲಿಗೂ ರೇಟಿಗೂ. ಒಂದು ಸಂಶಯ, ಕೂಡಿ ತಂದ ಮ್ಯಾಲ ಕೆಟ್ಟವು ಯಾರ ಲೆಕ್ಕಕ್ಕ?

ಎಳನೀರು ಕಾಕಾ, ಬಳ್ಳಾರಿ:
ಇಳಿಸಿದಾಗ ಸೀಳಿದ್ದು ಇಬ್ರಿಗೂ ಅರ್ಧ ಅರ್ಧ, ಎಣಿಸಿ ಹಂಚಿಕೊಂಡ ಮ್ಯಾಲ ಯಾರ ಬಂಡಿಮ್ಯಾಲ ಕೆಡ್ತೋ ಅವರಿಗೆ. ಹುಳಿ ಬಂದಿದ್ದನ್ನ ಸಂಜಿಗೆ ಗೋಡೌನಿಗೆ ಒಯ್ದು ತೋರ್ಸು, ನಮ್ಮ ಕಡೆ ಮರುದಿನ ಬದ್ಲಿ ಕಾಯಿ ಹಾಕ್ತಾರ.

ಹಣ್ಣಿನ ಮಂಡಿ ಲೆಕ್ಕದವ, ರಾಯಚೂರು:
ಬಳ್ಳಾರ್‍ಯಾಗ ಹಾಕ್ತಿರಬೌದು ಕಾಕಾ, ನಾ ಲೆಕ್ಕ ಬರೆಯೋ ಅಂಗಡ್ಯಾಗ ಕೆತ್ತಿದ ಕಾಯಿ ಯಾರೂ ವಾಪಸ್ ತಗೊಳ್ಳಂಗಿಲ್ಲ. ಕೆತ್ತಿದ ಮ್ಯಾಲ ಬಿಸಿಲಿಗೆ ಹುಳಿ ಬಂತು ಅಂತಾರ ಅವರು.

ಎಳನೀರು ಕಾಕಾ, ಬಳ್ಳಾರಿ:
ಕೆತ್ತಿದ ತಾಸಿನಾಗ ಒಯ್ದ್ರ ಹಂಗ ಅನ್ನಾಕ ಬಾಯಿ ಇರಂಗಿಲ್ಲ.

ಸ್ಟೇಷನ್ ರೋಡ್ ಬಂಡಿ, ರಾಯಚೂರು:
ತಾಸಿನಾಗ ಬಂಡಿ ಬಿಟ್ಟು ಯಾರು ಹೋಗ್ಬೇಕು ಕಾಕಾ 😀 ಇರ್ಲಿ, ನೂರಕ್ಕ ಮೂರು ಮ್ಯಾಲ ಕೇಳ್ತೀನಿ ನಾಳಿಗೆ, ಏನಂತಾನ ನೋಡೂಣು.