ತಲೆನೋವಿಗೆ ಪೆಪ್ಪರ್‌ಮಿಂಟ್ ಎಣ್ಣೆ: ಮಗುವಿನ ಮುಖದ ಹತ್ತಿರ ಬೇಡ

“ದೊಡ್ಡಮ್ಮ, ಮಗುವಿಗೆ ಐದು ವಾರ ಆಯಿತು. ನನಗೆ ಸಂಜೆಯಾದರೆ ತಲೆಗೆ ಪಟ್ಟಿ ಬಿಗಿದ ಹಾಗೆ ನೋವು, ಹಣೆಗೆ ಪೆಪ್ಪರ್‌ಮಿಂಟ್ ಎಣ್ಣೆ ಹಚ್ಚಿಕೊಂಡರೆ ಇಳಿಯುತ್ತದೆ. ಮಗುವಿಗೂ ಮೂಗು ಕಟ್ಟಿದೆ. ಅದೇ ಎಣ್ಣೆಯನ್ನು ಮೂಗಿನ ಕೆಳಗೆ ಒಂದು ತೊಟ್ಟು ಸವರೋಣವೇ ಎಂದು ಅತ್ತೆ ಕೇಳುತ್ತಿದ್ದಾರೆ. ಸವರಬಹುದಾ?”

ಬೇಡಮ್ಮ, ಒಂದು ತೊಟ್ಟೂ ಬೇಡ. ಮೂಗಿನ ಕೆಳಗಷ್ಟೇ ಅಲ್ಲ, ಎದೆಗೆ, ಅಂಗಿಗೆ, ತೊಟ್ಟಿಲಿನ ಬಟ್ಟೆಗೆ ಕೂಡ ಹಚ್ಚಬೇಡಿ. ನಿಮ್ಮ ಅತ್ತೆಯವರು ಮಗುವಿನ ಮೇಲಿನ ಅಕ್ಕರೆಯಿಂದಲೇ ಕೇಳಿದ್ದಾರೆ, ಆದ್ದರಿಂದ ಕಾರಣವನ್ನು ಅವರಿಗೂ ಕೇಳಿಸುವಂತೆ ನಿಧಾನವಾಗಿ ಹೇಳುತ್ತೇನೆ.

ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಮೆಂಥಾಲ್. ಅದು ಚರ್ಮವನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ಚರ್ಮದಲ್ಲಿ ತಂಪನ್ನು ಗುರುತಿಸುವ ನರತುದಿಗಳನ್ನು ಕೆರಳಿಸುತ್ತದೆ, ಮಿದುಳಿಗೆ ತಂಪಿನ ಸುದ್ದಿ ಹೋಗುತ್ತದೆ, ಆ ಸುದ್ದಿಯ ಮುಂದೆ ನೋವಿನ ಸುದ್ದಿ ಮಂಕಾಗುತ್ತದೆ. ನಿನ್ನ ಹಣೆಗೆ ಆರಾಮ ಸಿಗುವುದು ಹೀಗೆ. ಹಣೆಯಿಂದ ಸುದ್ದಿ ಒಯ್ಯುವ ನರದ ಕವಲುಗಳೇ ಮೂಗಿನ ಒಳಪದರದಲ್ಲಿಯೂ ಹರಡಿಕೊಂಡಿವೆ. ಎಳೆಯ ಶಿಶುವಿನ ಮೂಗಿನೊಳಗೆ ಈ ತಂಪು ಒಮ್ಮೆಲೇ ಬಡಿದರೆ, ಮಿದುಳಿನ ಬುಡವು ಅದನ್ನು ನೀರು ನುಗ್ಗಿದಂತೆ ಭಾವಿಸಿ ಶ್ವಾಸವನ್ನು ತಡೆಹಿಡಿಯಬಹುದು, ಗಂಟಲಿನ ಧ್ವನಿಪೆಟ್ಟಿಗೆ ಬಿಗಿದು ಮುಚ್ಚಿಕೊಳ್ಳಬಹುದು, ಹೃದಯದ ಬಡಿತ ನಿಧಾನವಾಗಬಹುದು. ದೊಡ್ಡವರಲ್ಲಿ ಈ ಪ್ರತಿಕ್ರಿಯೆ ದುರ್ಬಲ, ತಣ್ಣೀರು ಮುಖಕ್ಕೆ ಬಿದ್ದಾಗ ಒಂದು ಕ್ಷಣ ಉಸಿರು ಹಿಡಿದಂತಾಗಿ ಬಿಟ್ಟುಹೋಗುತ್ತದೆ. ಶಿಶುಗಳಲ್ಲಿ ಅದು ಬಲವಾಗಿರುತ್ತದೆ, ಮೇಲಾಗಿ ಈ ವಯಸ್ಸಿನಲ್ಲಿ ಅವು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಇದೇ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2 ವರ್ಷದೊಳಗಿನ ಮಕ್ಕಳಿಗೆ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಹಚ್ಚಲೇಬಾರದು ಎಂದು ಹೇಳಿದೆ. ನಮ್ಮ ಮನೆಗಳಲ್ಲಿರುವ ನೋವಿನ ಬಾಮ್‌ಗಳಲ್ಲಿಯೂ ಮೆಂಥಾಲ್ ಇರುತ್ತದೆ, ಹಲವದರಲ್ಲಿ ಜೊತೆಗೆ ಕರ್ಪೂರವೂ ಇರುತ್ತದೆ. ಎಣ್ಣೆ ಬೇಡವೆಂದು ಬಾಮ್ ಹಚ್ಚಿದರೆ ಅಪಾಯ ತಪ್ಪಿದಂತಾಗುವುದಿಲ್ಲ.

ಇನ್ನೊಂದು ವಿಷಯವನ್ನು ಅತ್ತೆಯವರಿಗೆ ಅಗತ್ಯವಾಗಿ ಹೇಳು. ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲ. ದೊಡ್ಡವರಲ್ಲಿ ಅಳೆದು ನೋಡಿದಾಗಲೂ ಮೂಗಿನೊಳಗೆ ಹಾಯುವ ಗಾಳಿಯ ಪ್ರಮಾಣ ಹೆಚ್ಚಾಗಿಲ್ಲ, ಹೆಚ್ಚಾದಂತೆ ಅನಿಸಿದೆ ಅಷ್ಟೆ. ಅಂದರೆ ಮಗುವಿಗೆ ಸಿಗುವ ಲಾಭ ಏನೂ ಇಲ್ಲ. ಔಷಧ ಅಂಗಡಿಯಲ್ಲಿ ಸಿಗುವ, ಬರೀ ಉಪ್ಪುನೀರಿನ ಮೂಗಿನ ಹನಿಯನ್ನು ಹಾಲು ಕುಡಿಸುವ ಸ್ವಲ್ಪ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ತೊಟ್ಟು ಹಾಕಿ, ಸಡಿಲವಾದ ಸಿಂಬಳವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕೊಳ್ಳುವಾಗ ಅದರಲ್ಲಿ ಮೂಗು ಬಿಡಿಸುವ ಬೇರೆ ಔಷಧಿ ಬೆರೆತಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ.

ಈಗ ನಿನ್ನ ತಲೆನೋವು. ನಿನಗೆ ಅನುಕೂಲವಾಗಿದೆ ಎಂದರೆ ಅದು ಬರೀ ನಂಬಿಕೆಯಲ್ಲ. 1996ರಲ್ಲಿ ಜರ್ಮನಿಯ ಸಂಶೋಧಕರು, ಆಲ್ಕೋಹಾಲಿನಲ್ಲಿ 10 ಪ್ರತಿಶತ ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದ ದ್ರಾವಣವನ್ನು ಇಂಥ ಬಿಗಿತದ ತಲೆನೋವಿರುವವರ ಹಣೆ ಮತ್ತು ಕಣತಲೆಗೆ ಹಚ್ಚಿ, 15 ನಿಮಿಷಕ್ಕೊಮ್ಮೆ ಮತ್ತೆರಡು ಬಾರಿ ಹಚ್ಚಿ, 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನೊಂದಿಗೆ ಹೋಲಿಸಿದರು. ಮೊದಲ 15 ನಿಮಿಷದಲ್ಲೇ ನೋವು ಇಳಿಯತೊಡಗಿತು, ಮತ್ತು ಮಾತ್ರೆಗೂ ಎಣ್ಣೆಗೂ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ಇದನ್ನು ಎರಡೂ ಕಡೆಯಿಂದ ಓದುತ್ತೇನೆ: ಎಣ್ಣೆ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ ಎಂದರೆ ಮಾತ್ರೆಯೂ ಎಣ್ಣೆಯಷ್ಟೇ ಕೆಲಸ ಮಾಡುತ್ತದೆ ಎಂದಾಯಿತು. ಪ್ಯಾರಾಸಿಟಮಾಲ್ ಅನ್ನು ಹಾಲುಣಿಸುವ ತಾಯಂದಿರು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು, ಮತ್ತು ಅದರ ವಾಸನೆ ಮಗುವಿನ ಮೂಗಿಗೆ ಹೋಗುವುದಿಲ್ಲ. ಹಾಲುಣಿಸುವ ತಾಯಂದಿರಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲವೆಂಬುದೂ ಸೇರಿ, ಮಗು ಮಡಿಲಲ್ಲೇ ಇರುವ ಈ ತಿಂಗಳುಗಳಲ್ಲಿ ನಾನಾದರೆ ಮಾತ್ರೆಯನ್ನೇ ಆರಿಸಿಕೊಳ್ಳುತ್ತಿದ್ದೆ.

ಆದರೂ ಎಣ್ಣೆಯೇ ಬೇಕೆನಿಸಿದ ದಿನ ಹೀಗೆ ಮಾಡು. ಬಾಟಲಿಯ ಎಣ್ಣೆಯನ್ನು ನೇರವಾಗಿ ಹಚ್ಚಿಕೊಳ್ಳಬೇಡ, ಅದು ಆ ದ್ರಾವಣಕ್ಕಿಂತ ಹತ್ತು ಪಟ್ಟು ತೀಕ್ಷ್ಣ. ‘ಪುದೀನ ಎಣ್ಣೆ’ ಎಂದು ನಮ್ಮಲ್ಲಿ ಮಾರುವುದು ಎಷ್ಟೋ ಸಲ ಬೇರೆ ಜಾತಿಯ ಪುದೀನದ್ದಾಗಿದ್ದು, ಅದರಲ್ಲಿ ಮೆಂಥಾಲ್ ಇನ್ನೂ ಹೆಚ್ಚಿರುತ್ತದೆ. ಒಂದು ಚಹಾ ಚಮಚ ಕೊಬ್ಬರಿ ಎಣ್ಣೆಗೆ ಐದಾರು ತೊಟ್ಟು ಬೆರೆಸಿದರೆ ಸಾಕು. ಸಂಜೆಯ ಹಾಲು ಕುಡಿಸಿ, ತೇಗು ಬರಿಸಿ, ಮಗುವನ್ನು ಅತ್ತೆಯವರ ಕೈಗೆ ಕೊಟ್ಟು, ಬೇರೆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ. ಕಣ್ಣಿನಿಂದ ದೂರವಾಗಿ ಹಣೆಗೆ ಮತ್ತು ಎರಡೂ ಕಣತಲೆಗೆ ತೆಳ್ಳಗೆ ಸವರು. ಕತ್ತಿಗೆ ಮತ್ತು ಭುಜಕ್ಕೆ ಹಚ್ಚಲೇಬೇಡ, ಏಕೆಂದರೆ ತೇಗು ಬರಿಸುವಾಗ ಮಗುವಿನ ಮೂಗು ತಾಗುವುದು ಅಲ್ಲಿಗೇ. ಎದೆಯ ಹತ್ತಿರವಂತೂ ಕೂಡದು. ಅರ್ಧ ಮುಕ್ಕಾಲು ಗಂಟೆ ವಿಶ್ರಾಂತಿ ಪಡೆದ ಮೇಲೆ ಹಣೆಯನ್ನೂ ಕೈಗಳನ್ನೂ ಉಗುರಿನ ಸಂದಿಯನ್ನೂ ಸಾಬೂನು ಹಾಕಿ ತೊಳೆದು, ಸೆರಗಿಗೋ ದುಪಟ್ಟಾಕ್ಕೋ ವಾಸನೆ ಹತ್ತಿದ್ದರೆ ಬದಲಾಯಿಸಿ, ಆಮೇಲೆ ಮಗುವನ್ನು ಎತ್ತಿಕೋ. ಎಣ್ಣೆ ತಾಗಿದ ದಿಂಬು ಮಗುವಿನ ಹಾಸಿಗೆಯ ಹತ್ತಿರ ಇರಬಾರದು.

ಅಷ್ಟಾಗಿಯೂ ಮಗುವಿನ ಮುಖಕ್ಕೆ ತಾಗಿದರೆ ಮೊದಲು ಗಾಳಿಯಾಡುವ ಕಡೆಗೆ ಕರೆದೊಯ್ಯಿರಿ. ಮೆಂಥಾಲ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆದ್ದರಿಂದ ಅಡುಗೆಯ ಎಣ್ಣೆ ಅದ್ದಿದ ಬಟ್ಟೆಯಿಂದ ಮೂಗಿನಿಂದ ಹೊರಮುಖವಾಗಿ ಒರೆಸಿ, ಆಮೇಲೆ ಮಗುವಿನ ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಉಸಿರು ನಿಂತು ನಿಂತು ಬರುವುದು, ಉಸಿರೆಳೆಯುವಾಗ ಕೀರಲು ಸದ್ದು, ತುಟಿ ನೀಲಿಯಾಗುವುದು, ಮೈ ಜೋತು ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಿ.

ಕೊನೆಯದಾಗಿ, ನನ್ನ ಮನಸ್ಸಿಗೆ ಹೆಚ್ಚು ಚಿಂತೆ ತಂದಿರುವ ಮಾತು. ಎರಡೂ ಬದಿಗೆ ಹಿಂಡಿದಂತಿರುವ, ಓಡಾಡಿದರೆ ಹೆಚ್ಚಾಗದ, ವಾಂತಿ ಬರಿಸದ ನೋವು ಬಿಗಿತದ ತಲೆನೋವಿನ ಸ್ವರೂಪದ್ದೇ. ನಿದ್ದೆಗೆಟ್ಟು, ತಲೆ ಬಗ್ಗಿಸಿ ಹಾಲು ಕುಡಿಸುವ ಬಾಣಂತಿಗೆ ಅದು ಬರುವುದು ಸಹಜ. ಆದರೆ ಹೆರಿಗೆಯಾದ 6 ವಾರಗಳವರೆಗೆ, ಬಸಿರಿನಲ್ಲಿ ರಕ್ತದೊತ್ತಡ ಸರಿಯಿದ್ದವರಿಗೂ ಅದು ಏರಬಹುದು, ಮತ್ತು ತಲೆನೋವೇ ಅದರ ಮೊದಲ ಲಕ್ಷಣವಾಗಿರಬಹುದು. ನೀನು ಇನ್ನೂ ಆ ಅವಧಿಯೊಳಗೇ ಇದ್ದೀಯ. ಎಣ್ಣೆ ಹಚ್ಚಿ ನೋವು ಇಳಿದರೂ ಒತ್ತಡ ಇಳಿದಿರುವುದಿಲ್ಲ. ಇವತ್ತೇ ಹತ್ತಿರದ ಆಸ್ಪತ್ರೆಯಲ್ಲಿ ಬಿಪಿ ನೋಡಿಸು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆರಿಗೆ ಮಾಡಿಸಿದ ವೈದ್ಯರನ್ನು ಅದೇ ದಿನ ಕಾಣಬೇಕು. 160/110 ತಲುಪಿದ್ದರೆ, ಅಥವಾ ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು, ಮುಖದಲ್ಲಿ ಊತ ಕಂಡರೆ, ರಾತ್ರಿಯಾದರೂ ಸರಿ ಹೊರಟುಬಿಡಬೇಕು. ಮಗುವನ್ನೂ ಜೊತೆಗೆ ತೋರಿಸಿ. ಅದಕ್ಕೆ ಹಾಲು ಎಳೆಯಲು ಆಗದಿದ್ದರೆ, ಮೈ ಬಿಸಿಯಾಗಿದ್ದರೆ, ಅಥವಾ ಸುಮ್ಮನೆ ಮಲಗಿರುವಾಗ ಒಂದು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅದು ಬರೀ ಮೂಗು ಕಟ್ಟಿರುವುದಲ್ಲ. ಬಿಪಿ ಎಷ್ಟು ಬಂತೆಂದು ಇಲ್ಲಿಯೇ ಬರೆ, ನಾನು ನೋಡುತ್ತಿರುತ್ತೇನೆ.