ಸಹಾಯ ಬೇಕು: ಸವಕಳಿಯನ್ನು ಹೇಗೆ ವಿವರಿಸಲಿ?

ನಾನು ಬಿಕಾಂ ಮಕ್ಕಳಿಗೆ ಪಾಠ ಮಾಡುವವಳು. "ಅಕೌಂಟೆನ್ಸಿ ಬೋರು ಮೇಡಂ, ಬಿಟ್ಟುಬಿಡ್ತೀನಿ" ಎಂದ ವಿದ್ಯಾರ್ಥಿನಿಗೆ ಪತ್ರ ಬರೆಯುತ್ತಿದ್ದೇನೆ. ನಿಯಮ ಉರು ಹೊಡೆಯಬೇಡ, ನಿಮ್ಮಪ್ಪನ ಟೀ ಅಂಗಡಿಯ ಒಂದು ದಿನದ ಲೆಕ್ಕ ಬರಿ ಎಂದಿದ್ದೆ. ಬರೆದಳು. ಹಾಲು, ಸಕ್ಕರೆಗೆ ಕೊಟ್ಟಿದ್ದು 1,200 ರೂಪಾಯಿ, ಎಲ್ಲ ಖರ್ಚಾಯಿತು. ವ್ಯಾಪಾರ 2,000, ಅದರಲ್ಲಿ 300 ಸಾಲ. ಲಾಭ 800, ಆದರೆ ಗಲ್ಲಾದಲ್ಲಿ ಹೆಚ್ಚಾಗಿದ್ದು 500. ಉಳಿದ 300 ಗಿರಾಕಿಗಳ ಹತ್ತಿರ ಇದೆ ಎಂದು ಅವಳೇ ಕಂಡುಹಿಡಿದಳು!

ಸಿಕ್ಕಿಕೊಂಡಿದ್ದು ಒಲೆಯ ಸವಕಳಿಯಲ್ಲಿ, ಅಂದರೆ ಅದರ ಬೆಲೆಯನ್ನು ಅದು ಬಾಳುವ ಕಾಲಕ್ಕೆಲ್ಲ ಹಂಚಿ ಖರ್ಚು ಬರೆಯುವುದರಲ್ಲಿ. 3,600ರ ಒಲೆ ಮೂರು ವರ್ಷ ಬಾಳುತ್ತದೆ, ತಿಂಗಳಿಗೆ 100 ಖರ್ಚು ಬರಿ ಎಂದರೆ, "ದುಡ್ಡು ಹೋಗಿದ್ದು ಮೊದಲ ದಿನವೇ ಅಲ್ವಾ?" ಅಂತಾಳೆ. ಪೂರ್ತಿ ಮೊದಲ ತಿಂಗಳಿಗೇ ಹಾಕಿದರೆ ಉಳಿದ 35 ತಿಂಗಳು ಒಲೆ ಪುಕ್ಕಟೆ ಉರಿದಂತಾಗುತ್ತದೆ ಎಂದೆ. ಒಪ್ಪಲಿಲ್ಲ.

ದುಡ್ಡು ಕೊಟ್ಟ ದಿನವೇ ಬೇರೆ, ಖರ್ಚಾಗುವ ದಿನಗಳೇ ಬೇರೆ ಎಂದು ತೋರಿಸುವ ಮನೆಬಳಕೆಯ ಉದಾಹರಣೆ ಯಾರಾದರೂ ಹೇಳ್ತೀರಾ?